ಐದು ದಿನ ಎಣಿಸೋದು ಯಾವತ್ತಿಂದ?

ಕಳೆದ ಅಕ್ಟೋಬರ್ 11, ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಮಾರನೇ ದಿನ ಶುಂಠಿ ಕಿತ್ತ ಆಳುಗಳಿಗೆ ವಾರದ ಕೂಲಿ ಕೊಡಬೇಕಿತ್ತು. ಅಪ್ಪ ಪಂಪ್‌ಸೆಟ್ಟಿನ ಸುಟ್ಟ ಮೋಟರ್ ಹಿಡ್ಕೊಂಡು ರಿವೈಂಡಿಂಗ್ ಮಾಡಿಸೋಕೆ ಶಿಕಾರಿಪುರಕ್ಕೆ ಬಂದಿದ್ದರು. ನಾನು ಕಾಲೇಜಿಂದ ಶಿವಮೊಗ್ಗ ಮೇಲೆ ಬಸ್ಸಲ್ಲಿ ಬಂದು ಅಲ್ಲೇ ಇಳಿದು ಅವರ ಜೊತೆ ಸೇರಿಕೊಂಡೆ. ಇಬ್ಬರೂ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಊರಿಗೆ ಹೋಗೋದು ಅಂತ ಲೆಕ್ಕ. ಹೋಗೋ ಮುಂಚೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಎಟಿಎಂಗೆ ನುಗ್ಗಿದೆವು.

ಅಪ್ಪ ಪಿನ್ ಯಾರಿಗೂ ಹೇಳೋದಿಲ್ಲ, ನನಗೂ ಹೇಳಿಲ್ಲ. ನಾನು 10,000 ಒತ್ತಿದೆ, ಪಿನ್ ಅವರೇ ಒತ್ತಿದರು. ಒಳಗೆ ನೋಟು ಎಣಿಸೋ ಸದ್ದು ಬಂತು. ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇತ್ತೋ ಇಲ್ಲವೋ, ಸ್ಕ್ರೀನ್ ಕಪ್ಪಾಯ್ತು. ಎರಡು ನಿಮಿಷ ಬಿಟ್ಟು ಯಂತ್ರ ಮತ್ತೆ ಎದ್ದು ಮೊದಲಿನ ಪರದೆ ತೋರಿಸಿತು. ದುಡ್ಡಿಲ್ಲ, ಚೀಟಿಯಿಲ್ಲ. ಅಪ್ಪನ ಮೊಬೈಲಿಗೆ ಮಾತ್ರ ಮೆಸೇಜ್ ಬಂದಿತ್ತು: ನಿಮ್ಮ ಖಾತೆಯಿಂದ 10,000 ರೂಪಾಯಿ ಕಡಿತವಾಗಿದೆ.

“ತಮ್ಮಾ, ಯಂತ್ರ ನುಂಗ್ತಲ್ಲೋ ದುಡ್ಡು!” ಅಂದರು ಅಪ್ಪ.

ಇದು ಯಾರಿಗೂ ಹೊಸ ಕಥೆಯಲ್ಲ. ನಮ್ಮ ಹಾಸ್ಟೆಲ್ಲಿನ ಒಂದು ಫ್ಲೋರಲ್ಲಿ ಕೇಳಿದರೂ ನಾಲ್ಕು ಜನ ಇಂಥದ್ದು ಹೇಳ್ತಾರೆ. ಎಲ್ಲರ ಕಥೆಯೂ “ಆಮೇಲೆ ವಾಪಸ್ ಬಂತು ಬಿಡು” ಅಂತಲೇ ಮುಗಿಯುತ್ತೆ. ನನ್ನ ತಕರಾರು ಇರೋದು ಅಲ್ಲೇ. ಯಾವಾಗ ಬಂತು? ಎಷ್ಟು ದಿನದೊಳಗೆ ಬರಬೇಕಿತ್ತು? ತಡವಾಗಿದ್ದಕ್ಕೆ ಬ್ಯಾಂಕ್ ಏನು ಕೊಡಬೇಕಿತ್ತು, ಕೊಟ್ಟಿತಾ? ಈ ಪ್ರಶ್ನೆಗಳಿಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಉತ್ತರ ಬರೆದಿಟ್ಟಿದೆ. ಆ ಉತ್ತರ ಕೌಂಟರಿನವರೆಗೆ ತಲುಪಿಲ್ಲ, ನಮ್ಮವರೆಗೂ ತಲುಪಿಲ್ಲ.

ಕಡಿತ ಬೇರೆ, ನೋಟು ಬರೋದು ಬೇರೆ

ಮೊದಲು ಯಂತ್ರದೊಳಗೆ ಏನಾಗುತ್ತೆ ನೋಡೋಣ. ಅಪ್ಪನ ಖಾತೆ ಇರೋದು ಸೊರಬದ ಒಂದು ಬ್ಯಾಂಕಲ್ಲಿ. ಶಿಕಾರಿಪುರದ ಎಟಿಎಂ ಬೇರೆ ಬ್ಯಾಂಕಿನದು. ಹಾಗಿದ್ದಾಗ ನಮ್ಮ ಕೋರಿಕೆ ಎಟಿಎಂನಿಂದ ಆ ಬ್ಯಾಂಕಿನ ಸ್ವಿಚ್ಚಿಗೆ, ಅಲ್ಲಿಂದ ಎನ್‌ಪಿಸಿಐ ನಡೆಸೋ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ಚಿಗೆ, ಅಲ್ಲಿಂದ ಅಪ್ಪನ ಬ್ಯಾಂಕಿಗೆ ಹೋಗುತ್ತೆ. ಅಪ್ಪನ ಬ್ಯಾಂಕ್ ಪಿನ್ ನೋಡುತ್ತೆ, ಬ್ಯಾಲೆನ್ಸ್ ನೋಡುತ್ತೆ, ಸರಿ ಇದ್ದರೆ ಖಾತೆಯಿಂದ ಹಣ ಕಳೆದು “ಕೊಡಬಹುದು” ಅಂತ ಉತ್ತರ ಕಳಿಸುತ್ತೆ. ಆ ಉತ್ತರದ ಕೋಡ್ 00.

ಗಮನಿಸಿ, ಇಲ್ಲಿಯವರೆಗೆ ಒಂದು ನೋಟೂ ಅಲುಗಿಲ್ಲ. ಖಾತೆಯಲ್ಲಿ ಕಡಿತ ಆಗಲೇ ಆಗಿದೆ. ಉತ್ತರ ಬಂದ ಮೇಲೆ ಯಂತ್ರ ಡಬ್ಬಿಯಿಂದ ನೋಟು ಎಳೆದು, ಎಣಿಸಿ, ಬಾಯಿಗೆ ತರುತ್ತೆ. ಆ ಹಂತದಲ್ಲಿ ನೋಟು ಸಿಕ್ಕಿಕೊಂಡರೆ, ಬಾಯಿ ತೆರೆಯದೆ ಹೋದರೆ, ಯಂತ್ರ ತನ್ನ ಸ್ವಿಚ್ಚಿಗೆ “ಕೊಡಲಿಲ್ಲ” ಅಂತ ಹೇಳಬೇಕು. ಸ್ವಿಚ್ ಒಂದು ರಿವರ್ಸಲ್ ಸಂದೇಶ ಕಳಿಸಬೇಕು. ಐಎಸ್‌ಒ 8583 ಓದಿದವರಿಗೆ ಇದು 0420 ಅಂತ ಗೊತ್ತಿರುತ್ತೆ. ಅದು ತಲುಪಿದರೆ ಕಡಿತವಾದ ಹಣ ಕೆಲವೇ ನಿಮಿಷದಲ್ಲಿ ವಾಪಸ್. ಬಹಳಷ್ಟು ಸಲ ಹೀಗೇ ಆಗುತ್ತೆ, ನಮಗೆ ಒಂದರ ಹಿಂದೆ ಒಂದು ಎರಡು ಮೆಸೇಜ್ ಬರುತ್ತೆ.

ತೊಂದರೆ ಬರೋದು ಈ “ಕೊಡಲಿಲ್ಲ” ಅನ್ನೋ ಮಾತೇ ದಾರಿಯಲ್ಲಿ ಕಳೆದುಹೋದಾಗ. ಕರೆಂಟ್ ಹೋಗಬಹುದು, ಲಿಂಕ್ ಕಡಿಯಬಹುದು. ಮಲೆನಾಡಿನ ಅಂಚಿನ ನಮ್ಮ ತಾಲ್ಲೂಕುಗಳಲ್ಲಿ ಎರಡಕ್ಕೂ ಬರವಿಲ್ಲ. ಆಗ ಅಪ್ಪನ ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿರೋದು ಒಂದೇ: ನಾನು 00 ಕಳಿಸಿದೆ, ಆಮೇಲೆ ಯಾರೂ ಏನೂ ಹೇಳಲಿಲ್ಲ. ಯಾರೂ ಏನೂ ಹೇಳಲಿಲ್ಲ ಅಂದರೆ ದುಡ್ಡು ಕೊಟ್ಟಾಗಿದೆ ಅಂತ ಅದು ಭಾವಿಸುತ್ತೆ. ಎರಡು ಕಡೆಯವರು ಕೆಟ್ಟ ಲಿಂಕಿನ ಮೇಲೆ ಒಂದು ವಿಷಯಕ್ಕೆ ಪೂರ್ತಿ ಖಾತ್ರಿಯಾಗಿ ಒಪ್ಪೋದು ಸಾಧ್ಯವಿಲ್ಲ ಅಂತ ನಾವು ನೆಟ್‌ವರ್ಕ್ಸ್ ಕ್ಲಾಸಲ್ಲಿ ಓದ್ತೀವಲ್ಲ, ಅದು ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನ ಕೂಲಿ ದುಡ್ಡಿನ ಮೇಲೆ ನಡೆದುಹೋಯ್ತು.

ಹಾಗಾಗಿ ಯಂತ್ರ ತಪ್ಪುವುದನ್ನು ನಾನು ದೂರುತ್ತಿಲ್ಲ. ಯಂತ್ರ ತಪ್ಪುತ್ತೆ. ತಪ್ಪುತ್ತೆ ಅಂತ ಗೊತ್ತಿರೋದಕ್ಕೇ ಆಮೇಲೆ ಲೆಕ್ಕ ತಾಳೆ ನೋಡೋ ಕ್ರಮ ಇದೆ, ಅದಕ್ಕೊಂದು ಗಡುವೂ ಇದೆ.

ಗಡುವು ಎರಡು ಸಲ ಬದಲಾಯ್ತು

2009ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದ್ದು ಹೀಗೆ: ಇಂಥ ದೂರು ಬಂದರೆ 12 ಕೆಲಸದ ದಿನದೊಳಗೆ ದುಡ್ಡು ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2011ರ ಜುಲೈ 1ರಿಂದ ಅದು 7 ಕೆಲಸದ ದಿನಕ್ಕೆ ಇಳಿಯಿತು. ಎರಡರಲ್ಲೂ ಗಡಿಯಾರ ಶುರುವಾಗುತ್ತಿದ್ದದ್ದು ನಾವು ದೂರು ಕೊಟ್ಟ ದಿನದಿಂದ.

2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದನ್ನೇ ತಿರುಗಿಸಿಹಾಕಿತು. ಅದೇ ವರ್ಷ ಅಕ್ಟೋಬರ್ 15ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಎಟಿಎಂನಲ್ಲಿ ಖಾತೆಯಿಂದ ಕಡಿತವಾಗಿ ನಗದು ಬರದಿದ್ದರೆ ಬ್ಯಾಂಕ್ ತಾನಾಗೇ T+5 ದಿನದೊಳಗೆ ಹಣ ಹಿಂದಿರುಗಿಸಬೇಕು. T ಅಂದರೆ ವ್ಯವಹಾರ ನಡೆದ ದಿನ, ಕ್ಯಾಲೆಂಡರ್ ತಾರೀಖು ಅಂತ ಸುತ್ತೋಲೆಯಲ್ಲೇ ಬರೆದಿದೆ. ಅದನ್ನು ಮೀರಿದ ಪ್ರತಿ ದಿನಕ್ಕೂ 100 ರೂಪಾಯಿ ಖಾತೆದಾರರಿಗೆ ಸೇರಬೇಕು. ಅದೂ ಗ್ರಾಹಕ ದೂರು ಕೊಡಲಿ, ಕೇಳಲಿ ಅಂತ ಕಾಯದೆ. ಬ್ಯಾಂಕ್ ಮಿತ್ರರು ಹಳ್ಳಿಗೆ ತರೋ ಮೈಕ್ರೋ ಎಟಿಎಂಗೂ ಇದೇ ನಿಯಮ.

ಅಂದರೆ ಬದಲಾದದ್ದು ಬರೀ ಸಂಖ್ಯೆಯಲ್ಲ. ಗಡಿಯಾರ ದೂರಿನ ದಿನದಿಂದ ಕಡಿತದ ದಿನಕ್ಕೆ ಸರಿಯಿತು. ಕೆಲಸದ ದಿನ ಹೋಗಿ ಕ್ಯಾಲೆಂಡರ್ ದಿನ ಬಂತು. ದೂರು ಕೊಡೋದು ನಮ್ಮ ಕೆಲಸ ಅನ್ನೋದು ಹೋಗಿ ಹುಡುಕಿ ಕೊಡೋದು ಅವರ ಕೆಲಸ ಅನ್ನೋದು ಬಂತು. ಇಷ್ಟು ದೊಡ್ಡ ಬದಲಾವಣೆ ಆರು ವರ್ಷವಾದರೂ ನಮ್ಮೂರ ಕೌಂಟರಿಗೆ ಬಂದಿಲ್ಲ ಅನ್ನೋದೇ ನನ್ನ ಬೇಸರ.

ನಮ್ಮ ಹದಿನಾರು ದಿನ

ಶನಿವಾರ ಸಂಜೆಯೇ ಅಪ್ಪನ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ದೂರಿನ ಸಂಖ್ಯೆ ತಗೊಂಡೆವು. ಎಟಿಎಂ ಯಾವ ಬ್ಯಾಂಕಿನದೇ ಆಗಿರಲಿ, ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ನಮ್ಮ ಬ್ಯಾಂಕಿಗೆ. ಎಟಿಎಂ ಬ್ಯಾಂಕಿನ ಶಿಕಾರಿಪುರ ಶಾಖೆಗೆ ಅಲೆದು ಪ್ರಯೋಜನ ಇಲ್ಲ. ಯಂತ್ರದ ಮೇಲೆ ಅಂಟಿಸಿದ್ದ ಎಟಿಎಂ ಐಡಿಯ ಫೋಟೋ ನಾನು ತೆಗೆದಿದ್ದೆ. ಅದೊಂದೇ ಆವತ್ತು ಮಾಡಿದ ಬುದ್ಧಿವಂತಿಕೆಯ ಕೆಲಸ. ಆಳುಗಳ ಕೂಲಿಗೆ ಪಕ್ಕದ ಮನೆಯವರ ಹತ್ತಿರ ಕೈಸಾಲ ಮಾಡಿದ್ದಾಯ್ತು.

ಸೋಮವಾರ, 13ನೇ ತಾರೀಖು, ಅಪ್ಪ ಅರ್ಧ ದಿನದ ಕೆಲಸ ಬಿಟ್ಟು ಸೊರಬದ ಶಾಖೆಗೆ ಹೋದರು. ಕೌಂಟರಿನಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರಂತೆ. “ಯಜಮಾನ್ರೇ, ತಾನಾಗೇ ಬರುತ್ತೆ, ಏಳು ವರ್ಕಿಂಗ್ ಡೇಸ್ ಕಾಯಿರಿ. ದೀಪಾವಳಿ ರಜೆ ಬೇರೆ ಇದೆ, ಹಬ್ಬ ಮುಗಿಸ್ಕೊಂಡು ಬನ್ನಿ.” 2011ರ ನಿಯಮ ಇನ್ನೂ ಆ ಕೌಂಟರಿನಲ್ಲಿ ಬದುಕಿತ್ತು.

15ನೇ ತಾರೀಖು ಒಂದು ಮೆಸೇಜ್ ಬಂತು. ವ್ಯವಹಾರ ಯಶಸ್ವಿಯಾಗಿದೆ, ನಿಮ್ಮ ದೂರು ಮುಕ್ತಾಯವಾಗಿದೆ. ಅಪ್ಪ ಫೋನ್ ಮಾಡಿ, “ಮುಗೀತಂತೆ ಮಾರಾಯಾ, ದುಡ್ಡು ನಾವು ತಗಂಡೀವಂತೆ” ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಜಾಸ್ತಿ ಇತ್ತು. ಸುಳ್ಳು ಹೇಳಿದ ಹಾಗೆ ಆಯ್ತಲ್ಲ ಅನ್ನೋ ನಾಚಿಕೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ.

“ಯಶಸ್ವಿ” ಅನ್ನೋ ಮಾತಿನ ಹಿಂದೆ ಏನಿರುತ್ತೆ ಅಂತ ಈಗ ಊಹಿಸಬಹುದು. ಲಾಗ್‌ನಲ್ಲಿ 00 ಇದೆ, ರಿವರ್ಸಲ್ ಇಲ್ಲ, ಆದ್ದರಿಂದ ಯಶಸ್ವಿ. ಆದರೆ 00 ಅಂದರೆ ಕೊಡೋಕೆ ಅನುಮತಿ, ಕೊಟ್ಟಿದ್ದಕ್ಕೆ ಸಾಕ್ಷಿಯಲ್ಲ. ಸಾಕ್ಷಿ ಇರೋದು ಬೇರೆ ಎರಡು ಕಡೆ. ಒಂದು, ಎಟಿಎಂ ಒಳಗಿನ ಎಲೆಕ್ಟ್ರಾನಿಕ್ ಜರ್ನಲ್. ಬ್ಯಾಂಕಿನವರು ಇಜೆ ಅಂತಾರೆ. ಕಾರ್ಡ್ ಹಾಕಿದ್ದು, ನೋಟು ಎಳೆದದ್ದು, ಬಾಯಿ ತೆರೆದದ್ದು, ದೋಷದ ಕೋಡ್ ಎಲ್ಲ ಸಮಯದ ಸಮೇತ ಅದರಲ್ಲಿ ದಾಖಲಾಗುತ್ತೆ. ಆದರೆ ಕರೆಂಟ್ ಹೋದಾಗ ಅದೂ ಅರ್ಧಕ್ಕೆ ನಿಲ್ಲಬಹುದು. ಎರಡನೆಯದು ಇನ್ನೂ ಗಟ್ಟಿ: ಡಬ್ಬಿಯೊಳಗಿನ ನೋಟು.

ಒಂದು ಲೆಕ್ಕ ಹಾಕಿ ನೋಡಿ. ಯಂತ್ರಕ್ಕೆ 500ರ 2,000 ನೋಟು ತುಂಬಿದ್ದಾರೆ ಅಂತಿಟ್ಟುಕೊಳ್ಳಿ. ಲಾಗ್ ಪ್ರಕಾರ 1,400 ನೋಟು ಹೊರಗೆ ಹೋಗಿದೆ, ಅದರಲ್ಲಿ ನಮ್ಮ 20 ನೋಟೂ ಸೇರಿದೆ. ಹಾಗಾದರೆ ಒಳಗೆ 600 ಉಳಿದಿರಬೇಕು. ಮುಂದಿನ ಸಲ ದುಡ್ಡು ತುಂಬೋರು ಬಂದು ಡಬ್ಬಿ ಮತ್ತು ರಿಜೆಕ್ಟ್ ಬಿನ್ ಎರಡನ್ನೂ ಎಣಿಸಿದಾಗ 620 ಸಿಕ್ಕರೆ? ಆ ಹೆಚ್ಚುವರಿ 10,000 ಯಾರದ್ದು ಅಂತ ಕೇಳೋ ಅಗತ್ಯವೇ ಇಲ್ಲ. ಯಂತ್ರ ಸುಳ್ಳು ಹೇಳಬಹುದು, ಎಣಿಸಿದ ನೋಟು ಹೇಳೋದಿಲ್ಲ. ಹಾಗಾಗಿ ನಿಮ್ಮ ದೂರು “ಯಶಸ್ವಿ” ಅಂತ ಮುಚ್ಚಿಹೋದರೆ ಕೇಳಬೇಕಾದದ್ದು ಇವೆರಡನ್ನೇ: ಇಜೆ ಪ್ರತಿ ಮತ್ತು ಆ ದಿನದ ನಗದು ತಾಳೆಪಟ್ಟಿ.

ಶುಕ್ರವಾರ, 17ನೇ ತಾರೀಖು ಅಂದರೆ T+6. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ದುಡ್ಡು ಬಂದಿರಲಿಲ್ಲ. ಅವತ್ತೇ ನಾನು ಬರೆದು ವಾಟ್ಸಾಪಲ್ಲಿ ಕಳಿಸಿದ ಪತ್ರವನ್ನು ಅಪ್ಪ ಪ್ರಿಂಟ್ ಹಾಕಿಸಿ, ಸಹಿ ಮಾಡಿ, ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲ್ ಹಾಕಿಸಿಕೊಂಡು ಬಂದರು. ಯಾರಿಗಾದರೂ ಬೇಕಾಗಬಹುದು ಅಂತ ಅದರ ಮುಖ್ಯ ಭಾಗ ಇಲ್ಲಿ ಕೊಡ್ತಿದ್ದೀನಿ:

“ಅಕ್ಟೋಬರ್ 11ರಂದು ಸಂಜೆ ಶಿಕಾರಿಪುರದಲ್ಲಿ, ಮೇಲೆ ನಮೂದಿಸಿದ ಐಡಿಯ ಎಟಿಎಂನಲ್ಲಿ ನಾನು ಹಣ ತೆಗೆಯಲು ಹೋದಾಗ ನನ್ನ ಖಾತೆಯಿಂದ 10,000 ರೂಪಾಯಿ ಕಡಿತವಾಗಿದೆ. ವಿದ್ಯುತ್ ಹೋದ ಕಾರಣ ನಗದು ಬಂದಿಲ್ಲ. ಅದೇ ದಿನ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ DPSS.CO.PD No.629/02.01.014/2019-20ರ ಪ್ರಕಾರ ಈ ಹಣ T+5, ಅಂದರೆ ಅಕ್ಟೋಬರ್ 16ರೊಳಗೆ ನನ್ನ ಖಾತೆಗೆ ಬರಬೇಕಿತ್ತು. ಬಂದಿಲ್ಲ. ವ್ಯವಹಾರ ಯಶಸ್ವಿಯಾಗಿದೆ ಎಂಬ ನಿಮ್ಮ ಉತ್ತರವನ್ನು ನಾನು ಒಪ್ಪುವುದಿಲ್ಲ. ಎಟಿಎಂ ಬ್ಯಾಂಕಿನಿಂದ ಇಜೆ ಪ್ರತಿ, ಆ ದಿನದ ನಗದು ತಾಳೆಪಟ್ಟಿ ತರಿಸಿ ಪರಿಶೀಲಿಸಬೇಕು, ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಲು ತಿಳಿಸಬೇಕು. ಅಸಲಿನ ಜೊತೆ ಅಕ್ಟೋಬರ್ 17ರಿಂದ ಹಣ ಬರುವ ದಿನದವರೆಗೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಜಮಾ ಮಾಡಬೇಕು. ಉತ್ತರವನ್ನು ಲಿಖಿತವಾಗಿ ಕೊಡಬೇಕು.”

ಪತ್ರ ಓದಿದ ಅಧಿಕಾರಿ ಅಪ್ಪನನ್ನು ಒಳಗೆ ಕರೆದು ಕೂರಿಸಿದರಂತೆ. “ಇದನ್ನ ಬರೆದೋರು ಯಾರು?” ಅಂತ ಕೇಳಿದರಂತೆ. ಮಗ ಇಂಜಿನಿಯರಿಂಗ್ ಓದ್ತಿದ್ದಾನೆ ಅಂತ ಅಪ್ಪ ಹೇಳಿದಾಗ, “ನಮಗೆ ಬೇರೆ ಬ್ಯಾಂಕಿನ ಯಂತ್ರದ ಲಾಗ್ ಕಾಣೋದಿಲ್ಲ ಯಜಮಾನ್ರೇ, ಮೇಲಿನ ಆಫೀಸಿಗೆ ಕಳಿಸ್ತೀನಿ” ಅಂದರಂತೆ. ಇದು ನೆಪವಲ್ಲ, ನಿಜ. ಶಾಖೆಯವರ ಕೈಯಲ್ಲಿ ಆ ಮಾಹಿತಿ ಇರೋದಿಲ್ಲ. ಕಾರ್ಡ್ ಬ್ಯಾಂಕಿನ ಕೇಂದ್ರ ಕಚೇರಿ ಸ್ವಿಚ್ಚಿನ ಮೂಲಕ ತಕರಾರು ಎತ್ತಬೇಕು, ಎಟಿಎಂ ಬ್ಯಾಂಕ್ ಒಪ್ಪಬೇಕು ಅಥವಾ ದಾಖಲೆ ಕೊಟ್ಟು ನಿರಾಕರಿಸಬೇಕು. ಹಾಗಾಗಿ ಕೌಂಟರಿನವರ ಮೇಲೆ ಕೂಗಾಡೋದು ದಂಡ. ಅವರು ಆ ಕಾಗದ ಮೇಲಕ್ಕೆ ಕಳಿಸೋ ಹಾಗೆ ಬರೆದು ಕೊಡೋದೇ ನಮ್ಮ ಕೆಲಸ.

27ನೇ ತಾರೀಖು, ದೀಪಾವಳಿ ಮುಗಿದ ಮೇಲಿನ ಸೋಮವಾರ, 10,000 ಜಮಾ ಆಯ್ತು. ಬರೀ 10,000. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. “ಬಂತಲ್ಲ, ಬಿಡು ಇನ್ನು” ಅಂದರು. ನಾನು ಬಿಡಲಿಲ್ಲ.

ಕೇಳದೆ ಬಾರದ ನೂರು ರೂಪಾಯಿ

ಲೆಕ್ಕ ಇಷ್ಟೇ, ಮೊದಲ ಸೆಮಿಸ್ಟರಿನ ಲ್ಯಾಬ್ ಪ್ರೋಗ್ರಾಂಗಿಂತ ಸಣ್ಣದು:

```python
from datetime import date

T = date(2025, 10, 11)
R = date(2025, 10, 27)
late = max(0, (R - T).days - 5)
print(late * 100)
```

T ಕಡಿತವಾದ ದಿನ, R ದುಡ್ಡು ಬಂದ ದಿನ. ಉತ್ತರ 1100. ಮೀರಿದ್ದು ಹನ್ನೊಂದು ದಿನ, ಸಾವಿರದ ನೂರು ರೂಪಾಯಿ.

ಈ ಐದು ಸಾಲು ಬ್ಯಾಂಕಿನ ಸಾಫ್ಟ್‌ವೇರಿಗೆ ಕಷ್ಟವೇ? ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡ, ಎಸ್‌ಎಂಎಸ್‌ಗೆ ಶುಲ್ಕ, ಉಚಿತ ಮಿತಿ ದಾಟಿ ಎಟಿಎಂ ಬಳಸಿದರೆ ಶುಲ್ಕ. ಇವಕ್ಕೆಲ್ಲ ಯಾರೂ ನಮಗೆ ಅರ್ಜಿ ಬರೆದು ಕೊಡೋದಿಲ್ಲ. ದಿನ ಎಣಿಸಿ, ಮೊತ್ತ ಗುಣಿಸಿ, ನಮ್ಮನ್ನು ಕೇಳದೆ ಕಂಪ್ಯೂಟರ್ ಕಟ್ ಮಾಡಿಕೊಳ್ಳುತ್ತೆ. ಅದೇ ಕಂಪ್ಯೂಟರಿಗೆ ಕಡಿತದ ತಾರೀಖೂ ಗೊತ್ತು, ಜಮೆಯ ತಾರೀಖೂ ಗೊತ್ತು. ನಮ್ಮ ಕಡೆಯಿಂದ ಬರಬೇಕಾದ್ದು ತಾನಾಗೇ ಹೋಗುತ್ತೆ, ನಮಗೆ ಬರಬೇಕಾದ್ದಕ್ಕೆ ಮಾತ್ರ ಎರಡು ಪ್ರತಿ ಅರ್ಜಿ ಬೇಕು. ನಿಯಮ “ಕೇಳದೆ ಕೊಡಿ” ಅನ್ನುತ್ತೆ. ನಡೆಯೋದು “ಕೇಳಿದರೆ ನೋಡೋಣ.”

29ರಂದು ಎರಡನೇ ಪತ್ರ ಹೋಯ್ತು. ಅದರಲ್ಲಿ ಎರಡು ತಾರೀಖು, ಹನ್ನೊಂದು ದಿನದ ಲೆಕ್ಕ, ಕೊನೆಗೆ ಒಂದು ವಾಕ್ಯ: ಮೊದಲ ದೂರಿನಿಂದ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗುತ್ತೇನೆ. ನವೆಂಬರ್ 10ರಂದು 1,100 ರೂಪಾಯಿ ಜಮಾ ಆಯ್ತು. ಯಾವ ಪತ್ರವೂ ಬರಲಿಲ್ಲ, ಕ್ಷಮೆಯೂ ಬರಲಿಲ್ಲ, ಮೊತ್ತ ಮಾತ್ರ ಸರಿಯಾಗಿತ್ತು.

ಓಂಬುಡ್ಸ್‌ಮನ್ ಅಂದದ್ದು ಬರೀ ಬೆದರಿಕೆಯಲ್ಲ. 2021ರ ನವೆಂಬರ್ 12ರಂದು ಶುರುವಾದ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಲ್ಲಿ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಹಾಕಬಹುದು. ವಕೀಲರು ಬೇಡ. ಮಾಹಿತಿಗೆ 14448ಗೆ ಫೋನ್ ಮಾಡಬಹುದು. ಆದರೆ ಬ್ಯಾಂಕಿಗೆ ದೂರು ಕೊಡದೆ ನೇರ ಅಲ್ಲಿಗೆ ಹೋದರೆ ತಿರಸ್ಕಾರವಾಗುತ್ತೆ. ಅದಕ್ಕೇ ಸೀಲ್ ಹಾಕಿದ ಆ ಎರಡನೇ ಪ್ರತಿ, ಆ ದೂರಿನ ಸಂಖ್ಯೆ ಮುಖ್ಯ. “ಹೋಗಿ ಹೇಳಿ ಬಂದ್ವಿ” ಅನ್ನೋದಕ್ಕೆ ಅಲ್ಲಿ ಬೆಲೆಯಿಲ್ಲ.

ಪಿನ್ ಯಾರು ಒತ್ತಿದ್ದು?

ಇಷ್ಟೆಲ್ಲ ನಮಗೆ ಸಲೀಸಾದದ್ದಕ್ಕೆ ಒಂದು ಕಾರಣ ಅಪ್ಪನ ಹಠ, ಪಿನ್ ತಾವೇ ಒತ್ತುತ್ತೀನಿ ಅನ್ನೋದು. ಇದರ ಬೆಲೆ ತಿಳಿಯಬೇಕಾದರೆ ಬೆಂಗಳೂರಿನ ಒಂದು ಪ್ರಕರಣ ನೋಡಬೇಕು. ಪತ್ರಿಕೆಗಳಲ್ಲಿ ವರದಿಯಾದ ಪ್ರಕಾರ, 2013ರ ನವೆಂಬರಿನಲ್ಲಿ ಮಾರತ್ತಹಳ್ಳಿಯಲ್ಲಿ ಹೆರಿಗೆ ರಜೆಯಲ್ಲಿದ್ದ ಒಬ್ಬರು ತಮ್ಮ ಕಾರ್ಡ್ ಮತ್ತು ಪಿನ್ ಗಂಡನ ಕೈಗೆ ಕೊಟ್ಟು 25,000 ತರಲು ಕಳಿಸಿದರು. ಚೀಟಿ ಬಂತು, ಖಾತೆಯಿಂದ ಕಡಿತವಾಯ್ತು, ದುಡ್ಡು ಬರಲಿಲ್ಲ. ಅವರು ಸಿಸಿಟಿವಿ ದೃಶ್ಯ ತರಿಸಿದರು, ಮಾಹಿತಿ ಹಕ್ಕಿನಡಿ ಯಂತ್ರದ ನಗದು ಪರಿಶೀಲನಾ ವರದಿ ತರಿಸಿದರು. ಅದರಲ್ಲಿ 25,000 ಹೆಚ್ಚುವರಿ ಇತ್ತು. ಬ್ಯಾಂಕ್ ಅದಕ್ಕೆ ವಿರುದ್ಧವಾದ ವರದಿ ಮುಂದಿಟ್ಟಿತು. ಆದರೆ 2018ರಲ್ಲಿ ಗ್ರಾಹಕ ವೇದಿಕೆಯಲ್ಲಿ ಅವರು ಸೋತದ್ದು ಬೇರೆ ಕಾರಣಕ್ಕೆ. ಪಿನ್ ಬೇರೆಯವರಿಗೆ ಕೊಡಬಾರದಿತ್ತು, ಬರಲಾಗದಿದ್ದರೆ ಸೆಲ್ಫ್ ಚೆಕ್ಕೋ ಅಧಿಕಾರ ಪತ್ರವೋ ಕೊಟ್ಟು ಕಳಿಸಬೇಕಿತ್ತು ಅಂತ ವೇದಿಕೆ ಹೇಳಿತು.

ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಪಿನ್ ಯಾರೇ ಒತ್ತಲಿ, ನೋಟು ಹೊರಗೆ ಬಂತಾ ಇಲ್ಲವಾ ಅನ್ನೋ ಪ್ರಶ್ನೆಗೆ ಅದರಿಂದ ಉತ್ತರ ಸಿಗೋದಿಲ್ಲ. ಬಾಣಂತಿ ಎಟಿಎಂ ಸಾಲಲ್ಲಿ ನಿಲ್ಲಬೇಕು ಅನ್ನೋದು ಯಾವ ನ್ಯಾಯ? ಆದರೆ ನಾನು ಒಪ್ಪಲಿ ಬಿಡಲಿ, ಕಾರ್ಡಿನ ಷರತ್ತಿನಲ್ಲಿ ಪಿನ್ ಹಂಚಿಕೊಳ್ಳಬಾರದು ಅಂತಿರುತ್ತೆ, ಬ್ಯಾಂಕ್ ಬೇಕಾದಾಗ ಅದನ್ನು ತೆಗೆದು ತೋರಿಸುತ್ತೆ.

ಇದನ್ನು ಇಲ್ಲಿ ಬರೆಯೋದಕ್ಕೆ ಕಾರಣ ಇದೆ. ನಮ್ಮ ಹಾಸ್ಟೆಲ್ಲಲ್ಲಿ “ಹೋಗ್ತಿದ್ದೀಯಾ? ನನ್ನ ಕಾರ್ಡಲ್ಲೂ ಎರಡು ಸಾವಿರ ತಗಂಬಾ ಮಗಾ” ಅನ್ನೋದು ದಿನಾ ಕೇಳ್ತೀವಿ. ಊರಲ್ಲಿ ಅಜ್ಜಿಯ ಪಿಂಚಣಿ ಕಾರ್ಡು ಮೊಮ್ಮಗನ ಜೇಬಲ್ಲಿ ಇರುತ್ತೆ, ಪಿನ್ ಕಾರ್ಡಿನ ಹಿಂದೆಯೇ ಬರೆದಿರುತ್ತೆ. ಎಲ್ಲ ಸರಿಯಾಗಿ ನಡೆದಾಗ ಇದು ಸಹಾಯ. ಯಂತ್ರ ಕೈಕೊಟ್ಟ ದಿನ ಅದೇ ನಮ್ಮ ವಿರುದ್ಧದ ಸಾಕ್ಷಿ. ಆಗ ದೂರಿನಲ್ಲಿ ನಾನೇ ಹೋಗಿದ್ದೆ ಅಂತ ಸುಳ್ಳು ಬರೆಯೋ ಆಸೆ ಬರುತ್ತೆ. ಬರೆಯಬೇಡಿ. ಸಿಸಿಟಿವಿ ಇರುತ್ತೆ, ಒಂದು ಸುಳ್ಳು ಸಿಕ್ಕರೆ ಉಳಿದ ನಿಜವೂ ಹೋಗುತ್ತೆ. ಅಜ್ಜಿಯನ್ನು ಒಂದು ಸಲ ಕೈಹಿಡಿದು ಕರ್ಕೊಂಡು ಹೋಗೋದು ಎಷ್ಟೋ ಮೇಲು.

ಆ ಎರಡು ನಿಮಿಷ

ದುಡ್ಡು ಬರಲಿಲ್ಲ ಅಂದ ತಕ್ಷಣ ನಾವು ಮಾಡೋದು ಮತ್ತೊಂದು ಸಲ ಕಾರ್ಡ್ ಹಾಕೋದು. ಅದನ್ನು ಮಾಡಬೇಡಿ. ಕೆಟ್ಟ ಯಂತ್ರ ಎರಡನೇ ಸಲವೂ ಕಡಿತ ಮಾಡಿದರೆ ಎರಡು ದೂರು ಆಗುತ್ತೆ. ಯಂತ್ರ ಮತ್ತೆ ಮೊದಲಿನ ಪರದೆಗೆ ಬರುವವರೆಗೆ ಅಲ್ಲೇ ನಿಲ್ಲಿ. ತಡವಾಗಿ ನೋಟು ಹೊರಬಂದರೆ ಹಿಂದಿನವರ ಪಾಲಾಗಬಾರದು. ಎಟಿಎಂ ಐಡಿ ಕೋಣೆಯಲ್ಲಿ ಕಾಣುವ ಹಾಗೆ ಹಾಕಿರಬೇಕು ಅಂತ ನಿಯಮವಿದೆ. ಅದರ, ಸ್ಕ್ರೀನಿನ, ಮೆಸೇಜಿನ ಫೋಟೋ ಇಟ್ಟುಕೊಳ್ಳಿ. ನೋಟು ಬರೋ ಬಾಯಿಯನ್ನೂ ಒಮ್ಮೆ ನೋಡಿ. ಅಲ್ಲಿ ಪಟ್ಟಿಯೋ ಅಂಟೋ ಇದ್ದರೆ ಅದು ಯಂತ್ರದ ದೋಷವಲ್ಲ, ಯಾರೋ ನೋಟು ಹಿಡಿಯಲು ಇಟ್ಟ ಬಲೆ. ಆಗ ಯಂತ್ರ ನಿಜವಾಗಿಯೂ “ಕೊಟ್ಟೆ” ಅಂತಲೇ ಬರೆದುಕೊಂಡಿರುತ್ತೆ. ಜಾಗ ಬಿಟ್ಟು ಹೋಗದೆ ಅಲ್ಲಿಂದಲೇ ಬ್ಯಾಂಕಿಗೆ, ಪೊಲೀಸರಿಗೆ ಫೋನ್ ಮಾಡಬೇಕು. ಅಂಥ ಮೋಸಕ್ಕೆ ಈ T+5 ನಿಯಮ ಅನ್ವಯಿಸೋದಿಲ್ಲ, ಅದರ ದಾರಿಯೇ ಬೇರೆ.

ಇನ್ನು ನನ್ನ ಒತ್ತಾಯ ಎರಡೇ. ಬ್ಯಾಂಕುಗಳು ಪ್ರತಿ ಎಟಿಎಂ ಕೋಣೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು ಅಂಟಿಸಲಿ: ಕಡಿತವಾಗಿ ದುಡ್ಡು ಬರದಿದ್ದರೆ ಐದು ದಿನದೊಳಗೆ ವಾಪಸ್, ಆಮೇಲೆ ದಿನಕ್ಕೆ ನೂರು. ಹೆಲ್ಮೆಟ್ ತೆಗೆಯಿರಿ ಅಂತ ಬರೆಯೋಕೆ ಇರುವ ಜಾಗ ಇದಕ್ಕೂ ಸಾಕು. ಎರಡನೆಯದು, ಅಸಲು ಜಮಾ ಮಾಡುವಾಗಲೇ ಪರಿಹಾರವೂ ತಾನಾಗೇ ಬೀಳೋ ಹಾಗೆ ಮಾಡಲಿ. ನಮ್ಮಲ್ಲೇ ಎಷ್ಟು ಜನ ಮುಂದಿನ ವರ್ಷ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆಯೋ ಕಂಪನಿಗಳಿಗೆ ಸೇರ್ತೀವಿ. ಆ ಐದು ಸಾಲು ಯಾರ ಟೇಬಲ್ಲಿಗೆ ಬರುತ್ತೋ ಗೊತ್ತಿಲ್ಲ.

ನೂರು ರೂಪಾಯಿ ದೊಡ್ಡದಲ್ಲ ಅಂತ ನನ್ನ ರೂಂಮೇಟ್ ಹೇಳಿದ. ನಿಜ. ಆದರೆ ಅಪ್ಪ ಊರಿಂದ ಸೊರಬಕ್ಕೆ ಮೂರು ಸಲ ಹೋಗಿ ಬಂದರು, ಮೂರು ಸಲವೂ ಅರ್ಧ ದಿನದ ಕೆಲಸ ಬಿಟ್ಟರು. ಆ 1,100 ಬಂದ ದಿನ ಪಾಸ್‌ಬುಕ್ಕಿನ ಆ ಸಾಲಿನ ಫೋಟೋ ತೆಗೆದು ನನಗೆ ಕಳಿಸಿದರು. ಕೆಳಗೆ ಒಂದೇ ವಾಯ್ಸ್ ಮೆಸೇಜ್: “ನಾವು ಸುಳ್ಳು ಹೇಳಿರಲಿಲ್ಲ ಅಂತ ಅವರಿಗೂ ಗೊತ್ತಾಯ್ತು ಬಿಡು ತಮ್ಮಾ.”